ನೋಡದ ದಿನಕ್ಕೆ ಸಹಿ ಇಲ್ಲ: ಹಿಂದಿನ ತಾರೀಕಿನ ಸರ್ಟಿಫಿಕೇಟ್ ಕೇಳಿದಾಗ ಡಾಕ್ಟರು ಏನು ಹೇಳಬೇಕು, ಏನು ಬರೆದುಕೊಡಬಹುದು

ಜುಲೈ 7, ಸಂಜೆ ಏಳೂವರೆ. ಹೊರಗೆ ಸುರತ್ಕಲ್ ಕಡೆಯ ಜೋರು ಮಳೆ. ಕೊನೆಯ ಪೇಶೆಂಟ್ ಆಗಿ ಬಂದವರು ಬೈಕಂಪಾಡಿಯ ಒಂದು ಕಂಪನಿಯ ಸ್ಟೋರಿನಲ್ಲಿ ಕೆಲಸ ಮಾಡುವ ಯುವಕ. ಕೊಡೆಯನ್ನು ಬಾಗಿಲ ಹೊರಗಿಟ್ಟು, ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು: “ಡಾಕ್ಟ್ರೇ, ಹೋದ ವಾರ ನಾಲ್ಕು ದಿನ ಜ್ವರ. ಜೂನ್ 30ರಿಂದ ಜುಲೈ 3ರವರೆಗೆ ಡ್ಯೂಟಿಗೆ ಹೋಗಲಿಲ್ಲ. ಈಗ ಎಚ್‌ಆರ್‌ನವರು ಸರ್ಟಿಫಿಕೇಟ್ ಕೇಳ್ತಿದ್ದಾರೆ. 30ನೇ ತಾರೀಕು ಹಾಕಿ ಒಂದು ಬರೆದು ಕೊಡಬಹುದಾ?”

ಕ್ಲಿನಿಕ್ ಇಟ್ಟುಕೊಂಡ ಡಾಕ್ಟರಿಗೆ ಈ ಪ್ರಶ್ನೆ ಹೊಸದಲ್ಲ. ಮಳೆಗಾಲದಲ್ಲಂತೂ ವಾರಕ್ಕೊಮ್ಮೆಯಾದರೂ ಬರುತ್ತದೆ. ಕೊಡಬಾರದು ಅಂತ ನಮಗೆಲ್ಲ ಗೊತ್ತು. ಕಷ್ಟ ಇರುವುದು ಹೇಳುವ ರೀತಿಯಲ್ಲಿ. ಎದುರು ಕೂತವರು ಹೆಚ್ಚಾಗಿ ನಿಜವಾಗಿಯೂ ಜ್ವರದಲ್ಲಿ ಮಲಗಿದ್ದವರೇ. ಸಂಬಳ ಹೋಗುವ ಹೆದರಿಕೆ ಅವರಿಗಿರುತ್ತದೆ. ಅವರಿಗೆ ಅವಮಾನ ಆಗದ ಹಾಗೆ ಇಲ್ಲ ಅನ್ನಬೇಕು, ಬರಿಗೈಯಲ್ಲೂ ಕಳಿಸಬಾರದು. ಇದು ಸಾಧ್ಯ ಉಂಟು. ಈಗಷ್ಟೇ ಪ್ರಾಕ್ಟೀಸ್ ಶುರು ಮಾಡಿದ ಡಾಕ್ಟರುಗಳಿಗಾಗಿ ನಾನು ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ತಾರೀಕುಗಳನ್ನು ಬೇರೆ ಮಾಡಿಕೊಳ್ಳಿ

ಒಂದು ಸರ್ಟಿಫಿಕೇಟಿನಲ್ಲಿ ಎರಡು ಬಗೆಯ ತಾರೀಕು ಇರುತ್ತದೆ. ನೀವು ಸಹಿ ಹಾಕಿದ ತಾರೀಕು ಒಂದು. ಕಾಯಿಲೆ ಇದ್ದ ದಿನಗಳ ತಾರೀಕು ಇನ್ನೊಂದು. ಸಹಿಯ ತಾರೀಕು ಯಾವತ್ತೂ ಇವತ್ತಿನದೇ. ಅದರಲ್ಲಿ ಚರ್ಚೆಯೇ ಇಲ್ಲ. ಕಾಯಿಲೆಯ ದಿನಗಳು ಮಾತ್ರ ಹಿಂದಿನವು ಆಗಿರಬಹುದು. ಆದರೆ ಅದು ನಿಮಗೆ ಹೇಗೆ ಗೊತ್ತಾಯಿತು ಅನ್ನುವುದನ್ನೂ ಅಲ್ಲೇ ಬರೆಯಬೇಕು: ನೀವೇ ನೋಡಿದ್ದಾ, ಕಾಗದದಲ್ಲಿ ಕಂಡದ್ದಾ, ಪೇಶೆಂಟ್ ಹೇಳಿದ್ದಾ.

ಈ ವ್ಯತ್ಯಾಸ ನಿಮಗೆ ಸ್ಪಷ್ಟ ಇದ್ದರೆ ಅರ್ಧ ಕಷ್ಟ ಕಡಿಮೆ. ಯಾಕೆಂದರೆ ಬಂದವರು “ಹಿಂದಿನ ತಾರೀಕು” ಅಂದಾಗ ಎಷ್ಟೋ ಸಲ ಅವರಿಗೆ ಬೇಕಾದದ್ದು ಹಿಂದಿನ ದಿನಗಳ ಬಗ್ಗೆ ಒಂದು ಕಾಗದ ಅಷ್ಟೇ. ಜೂನ್ 30ರಂದೇ ಸಹಿ ಹಾಕಿದ ಹಾಗೆ ಕಾಣಬೇಕು ಅಂತ ಅವರು ಯೋಚಿಸಿರುವುದೇ ಇಲ್ಲ.

ನನಗೆ ಇದು ಗೊತ್ತಾದದ್ದು ತಪ್ಪು ಮಾಡಿಯೇ. ಪ್ರಾಕ್ಟೀಸಿನ ಮೊದಲ ವರ್ಷ, ಪರಿಚಯದ ಮನೆಯವರೊಬ್ಬರು ಕೇಳಿದರು ಅಂತ ಎರಡೇ ದಿನ ಹಿಂದಿನ ತಾರೀಕು ಹಾಕಿ ಸಹಿ ಮಾಡಿದೆ. ಆ ದಿನ ನಾನು ಕುಂದಾಪುರದಲ್ಲಿ ಒಂದು ಮದುವೆಗೆ ಹೋಗಿದ್ದೆ, ಕ್ಲಿನಿಕ್ ಮುಚ್ಚಿತ್ತು. ಅವರ ಆಫೀಸಿನವರು ಫೋನ್ ಮಾಡಿ ವಿಚಾರಿಸಿದಾಗ ನಮ್ಮ ಕೌಂಟರಿನ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನಗೆ ಆದದ್ದು ಮುಖಭಂಗ. ಅವರಿಗೆ ಆದದ್ದು ಆಫೀಸಿನಲ್ಲಿ ವಿಚಾರಣೆ. ಎರಡು ದಿನದ ರಜೆ ಹೋಗಿದ್ದರೆ ಎರಡು ದಿನದ ಸಂಬಳ ಹೋಗುತ್ತಿತ್ತು, ಅಷ್ಟೇ. ಸುಳ್ಳು ದಾಖಲೆ ಕೊಟ್ಟರು ಅನ್ನುವ ಮಾತು ಅವರ ಫೈಲಿನಲ್ಲಿ ಉಳಿಯಿತು. ಅದಕ್ಕೆ ಕಾರಣ ನಾನು. ಆ ನೋವು ಇವತ್ತಿಗೂ ಇದೆ.

ನಿಯಮ ಏನು ಹೇಳುತ್ತದೆ

ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳಲ್ಲಿ 7.7 ಅಂತ ಒಂದು ಕಲಂ ಇದೆ. ಸುಳ್ಳಾದ, ದಾರಿ ತಪ್ಪಿಸುವ ಅಥವಾ ಸರಿಯಲ್ಲದ ಸರ್ಟಿಫಿಕೇಟಿಗೆ ಸಹಿ ಹಾಕಿದ ಡಾಕ್ಟರ ಹೆಸರನ್ನು ರಿಜಿಸ್ಟರಿನಿಂದ ತೆಗೆಯಬಹುದು ಅಂತ ಅದು ಹೇಳುತ್ತದೆ. “ದಾರಿ ತಪ್ಪಿಸುವ” ಅನ್ನುವ ಶಬ್ದವನ್ನು ಗಮನಿಸಿ. ಕಾಯಿಲೆ ನಿಜವೇ ಆಗಿದ್ದರೂ, ನೋಡದ ದಿನ ನೋಡಿದೆ ಅಂತ ಬರೆದರೆ ಅದು ಇದರೊಳಗೆ ಬರುತ್ತದೆ.

ಅದೇ ನಿಯಮಗಳ 1.3.3ರ ಪ್ರಕಾರ ಪ್ರತಿ ಡಾಕ್ಟರೂ ಸರ್ಟಿಫಿಕೇಟುಗಳಿಗೆ ಒಂದು ರಿಜಿಸ್ಟರ್ ಇಡಬೇಕು. ಪೇಶೆಂಟಿನ ಸಹಿ ಅಥವಾ ಹೆಬ್ಬೆಟ್ಟು, ವಿಳಾಸ, ಕನಿಷ್ಠ ಒಂದು ಗುರುತಿನ ಚಿಹ್ನೆ ಸರ್ಟಿಫಿಕೇಟಿನಲ್ಲಿರಬೇಕು. ಸರ್ಟಿಫಿಕೇಟಿನ ಪ್ರತಿಯೂ ನಿಮ್ಮಲ್ಲಿ ಇರಬೇಕು. ಈ ರಿಜಿಸ್ಟರೇ ಹಿಂದಿನ ತಾರೀಕನ್ನು ಬಯಲು ಮಾಡುವುದು. ನಂಬರು 214 ಜುಲೈ 5ರದ್ದು, 216 ಜುಲೈ 7ರದ್ದು, ನಡುವೆ 215 ಜೂನ್ 30ರದ್ದು ಅಂದರೆ ಯಾರು ನೋಡಿದರೂ ಅರ್ಥವಾಗುತ್ತದೆ.

ಕ್ರಿಮಿನಲ್ ಕಾನೂನಿನಲ್ಲೂ ಇದಕ್ಕೆ ಜಾಗ ಉಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 234ನೇ ಸೆಕ್ಷನ್ ಸುಳ್ಳು ಸರ್ಟಿಫಿಕೇಟ್ ಕೊಡುವವರ ಬಗ್ಗೆ, 235 ಅದು ಸುಳ್ಳೆಂದು ಗೊತ್ತಿದ್ದೂ ಬಳಸುವವರ ಬಗ್ಗೆ. ಕಾನೂನಿನ ಪ್ರಕಾರ ಕೊಡಬೇಕಾದ ಅಥವಾ ಸಾಕ್ಷಿಯಾಗಿ ಒಪ್ಪಬಹುದಾದ ಸರ್ಟಿಫಿಕೇಟುಗಳಿಗೆ ಇವು ಅನ್ವಯ. ಪೇಶೆಂಟ್ ಎದುರು ಈ ಸೆಕ್ಷನ್‌ಗಳನ್ನು ಎತ್ತಬೇಡಿ. ಹೆದರಿಸಿದ ಹಾಗಾಗುತ್ತದೆ. ನಿಮಗೆ ತಿಳಿದಿದ್ದರೆ ಸಾಕು.

ಪೂರ್ತಿ ಕೇಳಿ, ಆಮೇಲೆ ಪರೀಕ್ಷೆ ಮಾಡಿ

ಯುವಕ ಕೇಳಿದ ಕೂಡಲೇ ನಾನು ಆಗುವುದಿಲ್ಲ ಅನ್ನಲಿಲ್ಲ. “ಜ್ವರ ಹೇಗಿತ್ತು, ಈಗ ಹೇಗಿದ್ದೀರಿ?” ಅಂತ ಕೇಳಿದೆ. ಅವರು ಬಂದಿರುವುದು ಪೇಶೆಂಟ್ ಆಗಿ. ಸರ್ಟಿಫಿಕೇಟಿನ ಮಾತು ಎರಡು ನಿಮಿಷ ಕಾಯಬಹುದು.

ಮೂರು ದಿನ ಚಳಿ ಜ್ವರ, ಮೈಕೈ ನೋವು, ಕಣ್ಣಿನ ಹಿಂದೆ ನೋವು. ಮೆಡಿಕಲ್‌ನಿಂದ ಪ್ಯಾರಸಿಟಮಾಲ್ ತಂದು ನುಂಗಿದ್ದಾರೆ. ಅಮ್ಮ ಗಂಜಿ ಮಾಡಿ ಕೊಟ್ಟಿದ್ದಾರೆ. ನಾಲ್ಕನೇ ದಿನ ಜ್ವರ ಬಿಟ್ಟಿದೆ, 4ನೇ ತಾರೀಕು ಡ್ಯೂಟಿಗೆ ಹೋಗಿದ್ದಾರೆ. ಮೆಟ್ಟಿಲು ಹತ್ತಿದರೆ ಈಗಲೂ ಸುಸ್ತು. ನೋಡಿದೆ: ಟೆಂಪರೇಚರ್ 98.4, ನಾಡಿ 84, ಬಿಪಿ ಸರಿ, ಮೈಮೇಲೆ ಕಲೆ ಇಲ್ಲ, ಹೊಟ್ಟೆ ಮೆತ್ತಗಿದೆ. ಅಷ್ಟನ್ನೂ ಓಪಿ ಪುಸ್ತಕದಲ್ಲಿ ಬರೆದೆ.

ಈ ಪರೀಕ್ಷೆಯಿಂದ ಎರಡು ಉಪಯೋಗ. ಕಾಯಿಲೆ ಪೂರ್ತಿ ಹೋಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ನಮ್ಮ ಕಡೆ ಮಳೆಗಾಲದ ಜ್ವರ ಅಂದರೆ ಡೆಂಗಿ, ಮಲೇರಿಯಾ, ಇಲಿಜ್ವರ ಮೂರನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಲ್ವಾ? ಇನ್ನೊಂದು, ಇವತ್ತಿನ ತಾರೀಕಿನಲ್ಲಿ ನಿಜವಾಗಿ ಬರೆಯಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ.

ಕೇಳುವಾಗ ಕೆಲವು ಸಲ ಬೇರೆಯೇ ಕಥೆ ಹೊರಗೆ ಬರುತ್ತದೆ. ಒಮ್ಮೆ ಒಬ್ಬ ತಾಯಿ ಐದು ದಿನದ ಸಿಕ್ ಸರ್ಟಿಫಿಕೇಟ್ ಕೇಳಿದರು. ಮಾತಾಡುತ್ತಾ ಹೋದ ಹಾಗೆ ಗೊತ್ತಾಯಿತು, ಅವರಿಗೆ ಹುಷಾರಿಲ್ಲದ್ದಲ್ಲ, ಮಗ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದ. ಆ ಮಗುವಿನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಐದು ದಿನಗಳೂ ಇದ್ದವು. ಅದನ್ನೇ ಜೊತೆಗಿಟ್ಟು ನಿಜ ಹೇಳಿ ರಜೆ ಕೇಳಿ ಅಂದೆ. ಮನೆಯ ನೇಮಕ್ಕೋ ಮದುವೆಗೋ ಹೋಗಿ ರಜೆ ಸಾಲದೆ ಬಂದವರೂ ಇರುತ್ತಾರೆ. ಅವರಿಗೆ ಕೊಡಲು ನಮ್ಮ ಹತ್ತಿರ ಏನೂ ಇಲ್ಲ. “ಇದಕ್ಕೆ ನನ್ನ ಸರ್ಟಿಫಿಕೇಟ್ ಸರಿಹೋಗುವುದಿಲ್ಲ, ಆಫೀಸಿನಲ್ಲಿ ಬೇರೆ ರಜೆಗೆ ಹಾಕಲು ಕೇಳಿ ನೋಡಿ” ಅಂತ ಹೇಳಿ, ಚಹಾ ಕುಡಿದಿರಾ ಅಂತ ಕೇಳುವಷ್ಟೇ ಸಲಿಗೆಯಲ್ಲಿ ಮಾತು ಮುಗಿಸಬೇಕು.

ಇಲ್ಲ ಅನ್ನುವುದು ಒಂದೇ ವಾಕ್ಯದಲ್ಲಿ

ಪರೀಕ್ಷೆ ಮುಗಿದ ಮೇಲೆ ನಾನು ಹೇಳಿದ್ದು ಇಷ್ಟು: “ನಿಮಗೆ ಜ್ವರ ಇದ್ದದ್ದರಲ್ಲಿ ನನಗೆ ಸಂಶಯ ಇಲ್ಲ. ಆದರೆ 30ನೇ ತಾರೀಕು ನಾನು ನಿಮ್ಮನ್ನು ನೋಡಿಲ್ಲ, ಹಾಗಾಗಿ ಆ ತಾರೀಕು ಹಾಕಿ ಸಹಿ ಮಾಡಲು ನನಗೆ ಆಗುವುದಿಲ್ಲ. ಇವತ್ತಿನ ತಾರೀಕಿನಲ್ಲಿ ಏನು ಕೊಡಬಹುದು ಅಂತ ಒಟ್ಟಿಗೆ ನೋಡುವ.”

ಈ ಮಾತಿನಲ್ಲಿ ಮೂರು ಸಂಗತಿ ಇದೆ, ಅದೇ ಕ್ರಮದಲ್ಲಿ. ಮೊದಲು ನಂಬಿಕೆ, ಆಮೇಲೆ ಇಲ್ಲ, ಕೂಡಲೇ ಮುಂದಿನ ದಾರಿ. “ಸುಳ್ಳು” ಅನ್ನುವ ಶಬ್ದ ಎಲ್ಲೂ ಇಲ್ಲ. ನಾನು ನೋಡಿಲ್ಲ, ನನಗೆ ಆಗುವುದಿಲ್ಲ ಅಂತ ಹೇಳುವಾಗ ಅಡ್ಡಿ ಇರುವುದು ನನ್ನ ಕಡೆ. ಅವರ ಪ್ರಾಮಾಣಿಕತೆಯ ಬಗ್ಗೆ ಮಾತೇ ಇಲ್ಲ. ಪೇಶೆಂಟ್ ತುಳುವಿನಲ್ಲಿ ಮಾತಾಡುವವರಾದರೆ ತುಳುವಿನಲ್ಲೇ ಹೇಳಿ. ಸಲಿಗೆಯ ಭಾಷೆಯಲ್ಲಿ ಇಲ್ಲ ಅಂದರೆ ಅಷ್ಟು ಚುಚ್ಚುವುದಿಲ್ಲ.

ಮೆತ್ತಗೆ ಹೇಳಲು ಹೋಗಿ ಕೆಲವರು “ನೋಡುವ, ನಾಳೆ ಬನ್ನಿ” ಅನ್ನುತ್ತಾರೆ. ಇದು ದಯೆಯಲ್ಲ. ಅವರು ನಾಳೆ ಅರ್ಧ ದಿನ ರಜೆ ಹಾಕಿ ಬರುತ್ತಾರೆ, ಆಗ ಇಲ್ಲ ಅಂದರೆ ಸಿಟ್ಟು ಬರುವುದು ಸಹಜ. “ನಮ್ಮ ಸಾಫ್ಟ್‌ವೇರಿನಲ್ಲಿ ಹಿಂದಿನ ತಾರೀಕು ತಗೊಳ್ಳುವುದಿಲ್ಲ” ಅನ್ನುವ ನೆಪವೂ ಬೇಡ. ಕೈಯಲ್ಲಿ ಬರೆದು ಕೊಡಿ ಅನ್ನುತ್ತಾರೆ, ಆಗ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಯಾವ ಕಾಗದ ಉಂಟು ಅಂತ ಹುಡುಕಿ

ಇಲ್ಲಿಗೆ ಜಾಸ್ತಿ ಸಮಯ ಕೊಡಿ. ಪೇಶೆಂಟಿಗೆ ನಿಜವಾಗಿ ಸಹಾಯ ಆಗುವುದು ಇಲ್ಲೇ.

ಮೊದಲು ಆಫೀಸಿನಿಂದ ಬಂದ ಮೆಸೇಜನ್ನೇ ತೋರಿಸಲು ಹೇಳಿ. ಯುವಕ ಫೋನ್ ತೆಗೆದರು. ಎಚ್‌ಆರ್ ಕೇಳಿದ್ದು “ರಜೆಗೆ ಸಂಬಂಧಪಟ್ಟ ವೈದ್ಯಕೀಯ ದಾಖಲೆ ಮತ್ತು ಫಿಟ್‌ನೆಸ್” ಅಂತ. 30ನೇ ತಾರೀಕಿನ ಸರ್ಟಿಫಿಕೇಟೇ ಬೇಕು ಅಂತ ಅಲ್ಲಿ ಇರಲೇ ಇಲ್ಲ. ಹಾಗೆ ಹೇಳಿದ್ದು ಜೊತೆಯಲ್ಲಿ ಕೆಲಸ ಮಾಡುವವರು.

ಆಮೇಲೆ ಕೇಳಿದೆ: “ಆ ದಿನಗಳಲ್ಲಿ ಬೇರೆ ಡಾಕ್ಟರಿಗೆ ತೋರಿಸಿದ್ದೀರಾ? ರಕ್ತ ಪರೀಕ್ಷೆ? ಮೆಡಿಕಲ್‌ನ ಬಿಲ್ಲು?” ಬಿಲ್ಲು ಬಿಸಾಡಿದ್ದರು. ಆದರೆ ಜುಲೈ 2ರಂದು ಹತ್ತಿರದ ಲ್ಯಾಬಿಗೆ ಹೋಗಿ ಅವರೇ ರಕ್ತ ಕೊಟ್ಟಿದ್ದರು. ವರದಿ ವಾಟ್ಸಾಪಿನಲ್ಲಿತ್ತು. ಅದೂ ಒಂದು ದಾಖಲೆ ಅಂತ ಅವರಿಗೆ ಹೊಳೆದೇ ಇರಲಿಲ್ಲ. ಹೆಸರು, ವಯಸ್ಸು, ರಕ್ತ ತೆಗೆದ ಸಮಯ ಬೆಳಿಗ್ಗೆ 9.40. ಪ್ಲೇಟ್‌ಲೆಟ್ 1,10,000. ಬಿಳಿ ರಕ್ತಕಣ 3,200. ಮಲೇರಿಯಾ ಇಲ್ಲ. ಎರಡೂ ಎಣಿಕೆ ಕಡಿಮೆ. ವೈರಲ್ ಜ್ವರದಲ್ಲಿ ಹೀಗಾಗುತ್ತದೆ, ಡೆಂಗಿಯಲ್ಲೂ ಆಗುತ್ತದೆ. ಪ್ಲೇಟ್‌ಲೆಟ್ ಇನ್ನೊಮ್ಮೆ ನೋಡಿಸಲು ಚೀಟಿ ಬರೆದೆ. ಅದು ಸರ್ಟಿಫಿಕೇಟಿಗಾಗಿ ಅಲ್ಲ, ಅವರ ಆರೋಗ್ಯಕ್ಕಾಗಿ.

ವರದಿಯನ್ನು ಫೋನಿನಲ್ಲಿ ನೋಡಿ ಬಿಟ್ಟುಬಿಡಬೇಡಿ. ಪ್ರಿಂಟ್ ತೆಗೆಸಿ ಒಂದು ಪ್ರತಿ ನಿಮ್ಮ ಫೈಲಿಗೆ ಹಾಕಿ. ಹೆಸರು, ವಯಸ್ಸು, ತಾರೀಕು ಹೊಂದುತ್ತದೆಯಾ ನೋಡಿ. ಅಣ್ಣನ ವರದಿ ತೋರಿಸಿದವರೂ ಇದ್ದಾರೆ.

ಬರೆಯುವುದು ಹೀಗೆ

ಆ ದಿನ ನಾನು ಬರೆದುಕೊಟ್ಟದ್ದರ ಕನ್ನಡ ರೂಪ ಇದು:

“ದಿನಾಂಕ: ಜುಲೈ 7. ಕೆಳಗೆ ಸಹಿ ಮಾಡಿರುವ ಇವರನ್ನು ನಾನು ಇಂದು ಸಂಜೆ ಪರೀಕ್ಷಿಸಿದ್ದೇನೆ. ಜೂನ್ 30ರಿಂದ ಜುಲೈ 2ರವರೆಗೆ ಜ್ವರ, ಮೈಕೈ ನೋವು ಇತ್ತು, ಜುಲೈ 3ರಂದು ಜ್ವರ ಬಿಟ್ಟರೂ ನಿಶ್ಶಕ್ತಿಯಿಂದ ಕೆಲಸಕ್ಕೆ ಹೋಗಲಿಲ್ಲ ಎಂದು ಅವರು ತಿಳಿಸಿದ್ದಾರೆ. ಆ ದಿನಗಳಲ್ಲಿ ನಾನು ಅವರನ್ನು ಪರೀಕ್ಷಿಸಿಲ್ಲ. ಜುಲೈ 2ರ ರಕ್ತ ಪರೀಕ್ಷೆಯ ವರದಿಯನ್ನು ನೋಡಿದ್ದೇನೆ, ಅದರ ಪ್ರತಿ ಲಗತ್ತಿಸಿದೆ. ವರದಿ ವೈರಲ್ ಜ್ವರಕ್ಕೆ ಹೊಂದುವಂತಿದೆ. ಇಂದು ಜ್ವರ ಇಲ್ಲ, ಸ್ವಲ್ಪ ನಿಶ್ಶಕ್ತಿ ಇದೆ. ಹಗುರ ಕೆಲಸ ಮಾಡಲು ಶಕ್ತರಿದ್ದಾರೆ.”

ಕೆಳಗೆ ಅವರ ಸಹಿ, ಎಡಗೈಯ ಮೊಣಕೈ ಹತ್ತಿರದ ಮಚ್ಚೆಯ ಗುರುತು, ನನ್ನ ಸಹಿ, ಸೀಲು, ಕೆಎಂಸಿ ನೋಂದಣಿ ಸಂಖ್ಯೆ, ಸರ್ಟಿಫಿಕೇಟ್ ಪುಸ್ತಕದ ಕ್ರಮಸಂಖ್ಯೆ. ಜ್ವರದ ವಿವರ, ರಕ್ತದ ವರದಿ ಆಫೀಸಿಗೆ ಹೋಗುತ್ತದೆ, ಪರವಾಗಿಲ್ವಾ ಅಂತ ಮೊದಲೇ ಅವರನ್ನು ಕೇಳಿಕೊಂಡೆ. ಬೇಡ ಅಂದಿದ್ದರೆ ಕಾಯಿಲೆಯ ಹೆಸರು ಬಿಡುತ್ತಿದ್ದೆ.

ಒಂದು ವಾಕ್ಯದ ಬಗ್ಗೆ ಎಚ್ಚರ ಇರಲಿ: “ಈ ಅವಧಿಯಲ್ಲಿ ನನ್ನ ಚಿಕಿತ್ಸೆಯಲ್ಲಿದ್ದರು.” ಅಚ್ಚಾಗಿ ಬರುವ ಫಾರಂಗಳಲ್ಲಿ ಇದು ಮೊದಲೇ ಇರುತ್ತದೆ, ಖಾಲಿ ಜಾಗ ತುಂಬಿಸಿದರೆ ಸಾಕು. ಸಹಿಯ ತಾರೀಕು ಸರಿಯಾಗಿ ಹಾಕಿದರೂ ಈ ಒಂದು ಸಾಲಿನಿಂದ ಇಡೀ ಕಾಗದ ಸುಳ್ಳಾಗುತ್ತದೆ. ನಿಮ್ಮ ಪುಸ್ತಕದಲ್ಲಿ ಆ ಸಾಲಿದ್ದರೆ ಹೊಡೆದು ಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ. ಮುಂದಿನ ಸಲ ಅಚ್ಚು ಹಾಕಿಸುವಾಗ ಆ ಸಾಲನ್ನೇ ತೆಗೆಸಿ.

ಹಾಗೆಯೇ, ಹಿಂದಿನದು ಕೊಡಲಾಗಲಿಲ್ಲ ಅಂತ ಪಾಪ ಅನಿಸಿ ಮುಂದಿನ ಮೂರು ದಿನ ರೆಸ್ಟ್ ಬರೆಯಬೇಡಿ. ಇವತ್ತಿನ ಪರೀಕ್ಷೆಯಲ್ಲಿ ರೆಸ್ಟ್ ಬೇಕು ಅಂತ ಕಂಡರೆ ಮಾತ್ರ ಬರೆಯಿರಿ.

ಪೇಶೆಂಟ್ ನಿಮ್ಮಲ್ಲಿಗೇ ಆ ದಿನ ಬಂದಿದ್ದು, ಆಗ ಸರ್ಟಿಫಿಕೇಟ್ ತೆಗೆದುಕೊಳ್ಳದೆ ಹೋಗಿದ್ದರೆ ವಿಷಯ ಬೇರೆ. ಓಪಿ ಪುಸ್ತಕ ತೆರೆದು ನೋಡಿ. ಜೂನ್ 30ರಂದು ಹೆಸರು, ಜ್ವರ 102, ಕೊಟ್ಟ ಔಷಧ ಎಲ್ಲ ಇದ್ದರೆ, ಇವತ್ತಿನ ತಾರೀಕು ಹಾಕಿ, “ಜೂನ್ 30ರಂದು ನಾನು ಪರೀಕ್ಷಿಸಿದ್ದೆ, ಮೂರು ದಿನ ವಿಶ್ರಾಂತಿ ಹೇಳಿದ್ದೆ ಎಂದು ನನ್ನ ದಾಖಲೆಯಲ್ಲಿದೆ” ಅಂತ ಧೈರ್ಯವಾಗಿ ಬರೆಯಿರಿ. ಫೋನಿನಲ್ಲಿ ಸಲಹೆ ಕೊಟ್ಟದ್ದಾದರೆ ಫೋನಿನಲ್ಲಿ ಅಂತಲೇ ಬರೆಯಿರಿ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಆ ಸಲಹೆಗೂ ದಾಖಲೆ ಇಡಬೇಕು. ದಾಖಲೆ ಇಲ್ಲದಿದ್ದರೆ, ನೆನಪಿದೆ ಅಂತ ಬರೆಯಲು ಹೋಗಬೇಡಿ.

ಮತ್ತೆ ಒತ್ತಾಯ ಮಾಡಿದರೆ

ನಮ್ಮ ಯುವಕ ಒಮ್ಮೆ ಕೇಳಿದರು: “ಡಾಕ್ಟ್ರೇ, ಬರೀ ತಾರೀಕು ಅಲ್ವಾ? ನನ್ನ ಫ್ರೆಂಡಿಗೆ ಬೇರೆ ಕಡೆ ಕೊಟ್ಟಿದ್ದಾರೆ.” ಬೇರೆ ಡಾಕ್ಟರ ಬಗ್ಗೆ ಮಾತಾಡಲು ಹೋಗಬೇಡಿ. “ಅವರದ್ದು ನನಗೆ ಗೊತ್ತಿಲ್ಲ. ನಾಳೆ ನಿಮ್ಮ ಆಫೀಸಿನಿಂದ ಫೋನ್ ಬಂದರೆ, ನನ್ನ ಕಾಗದದಿಂದ ನಿಮಗೆ ತೊಂದರೆ ಆಗಬಾರದು” ಅಂತ ಹೇಳಿದೆ. ಅವರು ಸುಮ್ಮನಾದರು. ಈ ಮಾತು ಹೆಚ್ಚಿನವರಿಗೆ ತಾಗುತ್ತದೆ, ಯಾಕೆಂದರೆ ಅದು ನಿಜ.

ಇನ್ನು ಕೆಲವರು ಪರಿಚಯದವರಿಂದ ಫೋನ್ ಮಾಡಿಸುತ್ತಾರೆ. ಊರು ಸಣ್ಣದು, ಫೋನ್ ಮಾಡಿದವರು ನಿಮ್ಮ ಸಂಬಂಧಿಕರೇ ಇರಬಹುದು. ಅವರಿಗೂ ಅದೇ ವಾಕ್ಯ, ಅದೇ ದನಿ. ಪೇಶೆಂಟಿನ ಕಾಯಿಲೆಯ ವಿವರ ಮಾತ್ರ ಅವರಿಗೆ ಹೇಳಬೇಡಿ. ಜಾಸ್ತಿ ದುಡ್ಡು ಕೊಡುತ್ತೇನೆ ಅಂದರೆ, ಫೀಸು ಪರೀಕ್ಷೆಗೆ, ಅದು ಎಲ್ಲರಿಗೂ ಒಂದೇ ಅಂತ ಹೇಳಿ ಮುಂದೆ ಹೋಗಿ. ಮೂರನೇ ಸಲ ಕೇಳಿದಾಗ ಹೊಸ ಕಾರಣ ಹುಡುಕಬೇಡಿ. ಹೊಸ ಕಾರಣ ಕೊಟ್ಟಷ್ಟೂ ಹೊಸ ವಾದ ಬರುತ್ತದೆ. “ಬೇಸರ ಆಗಿದ್ದರೆ ಕ್ಷಮಿಸಿ, ಅದೊಂದು ಆಗುವುದಿಲ್ಲ” ಅಂತ ಹೇಳಿ ಎದ್ದು ನಿಲ್ಲಿ.

ಕೌಂಟರಿನಲ್ಲಿ ಕೂರುವವರಿಗೂ ಇದನ್ನು ಮೊದಲೇ ಹೇಳಿಕೊಟ್ಟಿರಬೇಕು. “ಡಾಕ್ಟ್ರು ಮಾಡಿಕೊಡ್ತಾರೆ, ಕೂತುಕೊಳ್ಳಿ” ಅಂತ ಅವರು ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಒಂದು ಗಂಟೆ ಕಾದು ಒಳಗೆ ಬಂದವರಿಗೆ ಇಲ್ಲ ಅನ್ನುವುದು ಇನ್ನೂ ಕಷ್ಟ. ನಮ್ಮಲ್ಲಿ ಈಗ ಹೇಳುವುದು ಹೀಗೆ: “ಡಾಕ್ಟ್ರು ನೋಡಿ ಇವತ್ತಿನ ತಾರೀಕಿನಲ್ಲಿ ಬರೆದು ಕೊಡುತ್ತಾರೆ. ಹಳೆ ಚೀಟಿ, ಲ್ಯಾಬ್ ವರದಿ ಇದ್ದರೆ ತೆಗೆದಿಟ್ಟುಕೊಳ್ಳಿ.”

ಅವರು ಹೋದ ಮೇಲೆ

ಓಪಿ ಪುಸ್ತಕದಲ್ಲಿ ಎರಡು ಸಾಲು ಸೇರಿಸಿ: “ಜೂನ್ 30ರ ತಾರೀಕಿನ ಸರ್ಟಿಫಿಕೇಟ್ ಕೇಳಿದರು. ಅಂದು ನೋಡಿರದ ಕಾರಣ ಕೊಟ್ಟಿಲ್ಲ. ಇಂದಿನ ತಾರೀಕಿನದು ಕೊಟ್ಟಿದೆ, ನಂ. 215.” ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ ಕನಿಷ್ಠ 3 ವರ್ಷ ಇಟ್ಟುಕೊಳ್ಳಬೇಕು ಅಂತ ನಿಯಮ ಇರುವುದರಿಂದ ಈ ಸಾಲುಗಳೂ ಅಷ್ಟು ದಿನ ನಿಮ್ಮ ಹತ್ತಿರ ಇರುತ್ತವೆ.

ಎರಡು ದಿನ ಬಿಟ್ಟು ಅವರ ಕಂಪನಿಯಿಂದ ಫೋನ್ ಬಂತು. ಸರ್ಟಿಫಿಕೇಟ್ ನಿಮ್ಮದೇನಾ ಅಂತ ಕೇಳಿದರು. ಫೋನಿನಲ್ಲಿ ನಾನು ಏನನ್ನೂ ಹೇಳಲಿಲ್ಲ. ಪೇಶೆಂಟಿನ ಒಪ್ಪಿಗೆ ಪತ್ರದ ಜೊತೆ ಸರ್ಟಿಫಿಕೇಟಿನ ಪ್ರತಿ ಕಳಿಸಿ, ನೋಡಿ ಉತ್ತರ ಕೊಡುತ್ತೇನೆ ಅಂದೆ. ಕಳಿಸಿದರು. ನಂಬರು, ತಾರೀಕು, ಸಹಿ ನನ್ನದೇ ಅಂತ ಬರೆದು ಕೊಟ್ಟೆ. ಅದಕ್ಕಿಂತ ಹೆಚ್ಚಿನ ವಿವರ ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ.

ಪ್ಲೇಟ್‌ಲೆಟ್ ವರದಿ ತೋರಿಸಲು ಯುವಕ ಬಂದಾಗ 1,90,000ಕ್ಕೆ ಏರಿತ್ತು. ಕಂಪನಿಯವರು ಮೂರು ದಿನ ಸಿಕ್ ಲೀವ್ ಅಂತ ಒಪ್ಪಿ, ಒಂದು ದಿನವನ್ನು ಗಳಿಕೆ ರಜೆಯಲ್ಲಿ ಕಳೆದಿದ್ದರು. ಹೊರಡುವ ಮುಂಚೆ ಅವರಿಗೆ ಹೇಳಿದ್ದನ್ನು ಈಗ ಎಲ್ಲ ಪೇಶೆಂಟುಗಳಿಗೂ ಹೇಳುತ್ತೇನೆ: ಜ್ವರ ಬಂದ ಮೊದಲ ದಿನವೇ ಬನ್ನಿ. ಬರಲು ಆಗದಿದ್ದರೆ ಕ್ಲಿನಿಕ್ಕಿನ ನಂಬರಿಗೆ ಫೋನ್ ಮಾಡಿ. ಸರ್ಟಿಫಿಕೇಟ್ ಬೇಕೋ ಬೇಡವೋ ಆಮೇಲೆ ನೋಡುವ, ಆ ದಿನದ ಪುಟದಲ್ಲಿ ನಿಮ್ಮ ಹೆಸರು ಇರಲಿ.